ಜಾತಕ ಹೇಳಬಲ್ಲದ್ದೆಷ್ಟು: ಒಂದು ಉತ್ತರ

ಗುಬ್ಬಿ, ತುಮಕೂರು ಜಿಲ್ಲೆ

ಶ್ರೀ ಮಂಜುನಾಥ್ ಅವರಿಗೆ ನಮಸ್ಕಾರಗಳು.

ನಿಮ್ಮ ತಂಗಿಗೆ ಕುಜದೋಷವಿದೆಯೆಂದು ಗಂಡಿನ ಕಡೆಯವರು ಹಿಂದೆ ಸರಿದ ಮೇಲೆ ನೀವು ಬರೆದ ಪತ್ರ ತಲುಪಿತು. ಅಳೆಯಲಾಗದ್ದನ್ನು ಎಂಜಿನಿಯರ್ ಆದವನು ಒಪ್ಪಲಾರ ಎಂದಿದ್ದೀರಿ. ಅಳೆಯಬಹುದಾದುದರಿಂದಲೇ ಆರಂಭಿಸುತ್ತೇನೆ.

ಜಾತಕ ಮೊದಲಿಗೆ ಒಂದು ಗಣಿತ. ಹುಟ್ಟಿದ ಹೊತ್ತಿಗೆ ಪೂರ್ವ ದಿಗಂತದಲ್ಲಿ ಯಾವ ರಾಶಿ ಉದಯಿಸುತ್ತಿತ್ತು, ಚಂದ್ರ ಯಾವ ನಕ್ಷತ್ರದಲ್ಲಿದ್ದ ಎಂಬುದನ್ನು ಯಾರು ಬೇಕಾದರೂ ತಾಳೆ ನೋಡಬಹುದು. ಆದರೆ ಹಾಗೆ ಉದಯಿಸುವ ಬಿಂದುವಾದ ಲಗ್ನವು ಸುಮಾರು ನಾಲ್ಕು ನಿಮಿಷಕ್ಕೊಂದು ಡಿಗ್ರಿ ಸರಿಯುತ್ತದೆ, ರಾಶಿಯ ಒಂಬತ್ತನೆಯ ಒಂದು ಪಾಲಾದ ನವಾಂಶ ಲಗ್ನಕ್ಕೆ ಹದಿಮೂರು ನಿಮಿಷದ ಆಸುಪಾಸಿನಲ್ಲಿ ಬದಲಾಗುತ್ತದೆ. ಹೆರಿಗೆ ಕೋಣೆಯ ಗಡಿಯಾರ ಹತ್ತು ನಿಮಿಷ ಮುಂದಿದ್ದರೆ, ಅಥವಾ ನರ್ಸಮ್ಮ ಎಲ್ಲ ಮುಗಿದ ಮೇಲೆ ಸಮಯವನ್ನು ಅಂದಾಜಿನಲ್ಲಿ ಬರೆದಿದ್ದರೆ, ಆ ನವಾಂಶದ ಮೇಲೆ ಕಟ್ಟಿದ ಮಾತಿಗೆ ಬುಡವೇ ಇರುವುದಿಲ್ಲ.

ವಸಂತ ವಿಷುವಬಿಂದುವಿಗೂ ನಮ್ಮ ರಾಶಿಚಕ್ರದ ಆರಂಭಕ್ಕೂ ಇರುವ ಅಂತರವಾದ ಅಯನಾಂಶದ ತೊಡಕು ಇದಕ್ಕಿಂತ ದೊಡ್ಡದು. ಸರ್ಕಾರದ ರಾಷ್ಟ್ರೀಯ ಪಂಚಾಂಗ ಲಾಹಿರಿ ಅಯನಾಂಶವನ್ನು ಅನುಸರಿಸುತ್ತದೆ; ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಅವರ ಅಯನಾಂಶ ಅದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಹುಟ್ಟುವಾಗ ಚಂದ್ರ ನಕ್ಷತ್ರದಲ್ಲಿ ಎಷ್ಟು ಸಾಗಿದ್ದ ಎಂಬುದರ ಮೇಲೆ ದಶೆಗಳ, ಅಂದರೆ ಒಂದೊಂದು ಗ್ರಹದ ಆಳ್ವಿಕೆಯ ಅವಧಿಗಳ, ಲೆಕ್ಕ ನಿಲ್ಲುತ್ತದೆ. ಭರಣಿ ನಕ್ಷತ್ರದ 13 ಡಿಗ್ರಿ 20 ಕಲೆಗಳಿಗೆ ಶುಕ್ರದಶೆಯ 20 ವರ್ಷಗಳು ಹಂಚಿಕೆಯಾಗುವುದರಿಂದ, ಭರಣಿಯ ನಡುಭಾಗದಲ್ಲಿ ಹುಟ್ಟಿದವರಿಗೆ ಇಷ್ಟು ವ್ಯತ್ಯಾಸದಿಂದಲೇ ಮುಂದಿನ ದಶೆಗಳ ಆರಂಭ ಎರಡು ವರ್ಷಕ್ಕೂ ಹೆಚ್ಚು ಹಿಂದುಮುಂದಾಗುತ್ತದೆ. ಹೀಗಿರುವಾಗ ಬರುವ ಕಾರ್ತಿಕದಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ ಎನ್ನುವವರ ಧೈರ್ಯ ನನಗಿಲ್ಲ.

ಗಣಿತ ಸರಿಯಿದ್ದರೂ ಅಲ್ಲಿಂದ ಫಲಕ್ಕೆ ದಾಟುವಲ್ಲಿ ನಮಗಿರುವ ಆಧಾರ ಸಂಪ್ರದಾಯವೊಂದೇ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಬುದ್ಧಿವಂತ ಮಕ್ಕಳ ಹಾಗೂ ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಬೆರೆಸಿ ಕೊಟ್ಟು ಬೇರ್ಪಡಿಸಲು ಕೇಳಿದಾಗ, ಉತ್ತರಿಸಿದ 27 ಜ್ಯೋತಿಷಿಗಳ ಸರಾಸರಿ ಶೇ. 46ರಷ್ಟು ಮಾತ್ರ ಸರಿಯಿತ್ತು. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಪ್ರಶ್ನೆಯೇ ಸರಿಯಿರಲಿಲ್ಲವೆಂದು ನಮ್ಮವರು ವಾದಿಸುತ್ತಾರೆ. ಹಾಗಿದ್ದರೆ ಸರಿಯಾದ ಪ್ರಶ್ನೆಯನ್ನು ನಾವೇ ಮುಂದಿಟ್ಟು ಪರೀಕ್ಷೆಗೆ ಕೂರಬೇಕಿತ್ತು.

ಇನ್ನು ಕುಜದೋಷ. ಲಗ್ನದಿಂದ 1, 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷವೆಂದು ಎಣಿಸುವ ಪದ್ಧತಿಯಿದೆ. ಹನ್ನೆರಡರಲ್ಲಿ ಆರು ಮನೆಗಳೆಂದರೆ ಊರಿನ ಹೆಚ್ಚುಕಡಿಮೆ ಅರ್ಧ ಜನ. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸತೊಡಗಿದರೆ ತಪ್ಪಿಸಿಕೊಳ್ಳುವವರು ಕೆಲವರೇ. ಅಪವಾದಗಳ ಪಟ್ಟಿಯೂ ಅಷ್ಟೇ ಉದ್ದವಿದ್ದು, ಹೇಳುವವನ ಇಷ್ಟದಂತೆ ದೋಷ ಬರುತ್ತದೆ, ಹೋಗುತ್ತದೆ.

ನಿಮ್ಮ ತಂಗಿಯ ಕುಂಡಲಿಯಲ್ಲಿ ಕುಜ ನಾಲ್ಕನೆಯ ಮನೆಯಲ್ಲಿರುವುದು ನಿಜ. ಅದರಿಂದ ಗಂಡನ ಆಯುಸ್ಸಿಗೆ ಕುತ್ತು ಎಂದು ಯಾರೂ ಪ್ರಾಮಾಣಿಕವಾಗಿ ಹೇಳಲಾರರು, ನಾನಂತೂ ಬರೆದುಕೊಡುವುದಿಲ್ಲ. ಶಾಂತಿ ಮಾಡಿಸಿದರೆ ನಿಮ್ಮ ತಾಯಿಯವರಿಗೆ ಸಮಾಧಾನವಾಗುವುದಾದರೆ ಮಾಡಿಸಿ, ಆದರೆ ಅದಕ್ಕಾಗಿ ಸಾಲ ಮಾಡಬೇಡಿ. ಗಂಡಿನ ಕಡೆಯವರು ಒಪ್ಪುವುದಾದರೆ ಈ ಪತ್ರವನ್ನೇ ಅವರಿಗೆ ತೋರಿಸಬಹುದು.

ಇಂತಿ ನಿಮ್ಮ ವಿಶ್ವಾಸಿ,
ಶ್ರೀಕಂಠ ಜೋಯಿಸ