ಜೂನ್ 14ರ ತಾರಸಿ ತೋಟದ ಕೂಟ: ಸ್ವಾಗತ ಮತ್ತು ಆ ದಿನದ ಕೆಲಸ

ಬಳಗದ ಎಲ್ಲರಿಗೂ ನಮಸ್ಕಾರ.

ಈ ತಿಂಗಳ ಕೂಟ 2026ರ ಜೂನ್ 14, ಭಾನುವಾರ, ಬೆಳಗ್ಗೆ 9.30ಕ್ಕೆ ಮೈಸೂರು ಕುವೆಂಪುನಗರದ ಮೇಷ್ಟ್ರ ಮನೆಯ ತಾರಸಿಯಲ್ಲಿ. ಮೇಷ್ಟ್ರು, ಅಮ್ಮ ಇಬ್ಬರೂ ಎಲ್ಲರನ್ನೂ ಬಾಯ್ತುಂಬ ಕರೆದಿದ್ದಾರೆ. ಮೊದಲ ಸಲ ಬರುತ್ತಿರುವ ಮೂವರಿಗೆ ವಿಶೇಷ ಸ್ವಾಗತ. ನಿಮ್ಮಲ್ಲಿ ಇನ್ನೂ ಒಂದೇ ಒಂದು ತುಳಸಿ ಕುಂಡ ಇದ್ದರೂ ಸಂಕೋಚ ಬೇಡ. ಅಂದಿನ ಕೆಲಸ ಮಣ್ಣು ಕಲಸುವುದರಿಂದಲೇ ಶುರು.

ಮೃಗಶಿರಾ ಮಳೆ ನಡೆಯುತ್ತಿರುವುದರಿಂದ ಈ ಸಲದ ವಿಷಯ ಒಂದೇ: ಕುಂಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಬಾಡಿದ ಗಿಡ ಒಂದು ಚೊಂಬು ನೀರಿಗೆ ತಲೆ ಎತ್ತುತ್ತದೆ. ಮಳೆಗಾಲದಲ್ಲಿ ಬೇರು ಕೊಳೆತ ಗಿಡ ಉಳಿಯುವುದು ಅಪರೂಪ. ಒದ್ದೆ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗದೆ ಎಲೆ ಜೋತುಬೀಳುತ್ತದೆ, ನೋಡಲು ಥೇಟ್ ಬಾಯಾರಿದ ಗಿಡದಂತೆಯೇ. ಅದನ್ನು ಕಂಡು ಇನ್ನಷ್ಟು ನೀರು ಹಾಕಿದರೆ ಮುಗಿಯಿತು. ಎಲೆ ಜೋತಾಗ ಮೊದಲು ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ, ಆಮೇಲೆ ನೀರಿನ ಮಾತು.

9.30 – ಕಾಫಿ, ಹೆಸರು ಬರೆಸುವುದು

ಚಪ್ಪಲಿ ಕೆಳಗೇ ಬಿಡಿ. ತಾರಸಿಗೆ ಹಾಕಿಕೊಳ್ಳಲು ಹಳೆಯ ರಬ್ಬರ್ ಚಪ್ಪಲಿ ತಂದರೆ ಒಳ್ಳೆಯದು, ಪಾಚಿ ಕಟ್ಟಿ ಕೆಲವು ಕಡೆ ಜಾರುತ್ತದೆ. ಗೊಬ್ಬರ, ಕೋಕೋಪೀಟ್ ಖರ್ಚಿಗೆ ತಲಾ 50 ರೂಪಾಯಿ.

9.45 – ಮಣ್ಣು ಕಲಸುವುದು (ಮುಕ್ಕಾಲು ಗಂಟೆ)

15 ಲೀಟರಿನ ಬಕೆಟ್ ಅಳತೆ: ಜರಡಿ ಹಿಡಿದ ಕೆಮ್ಮಣ್ಣು 4, ಚೆನ್ನಾಗಿ ಕಳಿತ ಕಾಂಪೋಸ್ಟ್ 3, ತೊಳೆದ ಕೋಕೋಪೀಟ್ 3. ಲೆಕ್ಕಕ್ಕೆ ಇದು 150 ಲೀಟರ್ ಆದರೂ ಕಲಸಿದ ಮೇಲೆ ಅಷ್ಟು ಉಳಿಯುವುದಿಲ್ಲ, ಸಣ್ಣ ಕಣ ದಪ್ಪ ಕಣದ ಸಂದಿಗೆ ಇಳಿಯುತ್ತದೆ. ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ 20 ಲೀಟರಿನ ಏಳು ಕುಂಡಗಳಿಗೆ ಸಾಕು. ಒಂದೊಂದು ಕುಂಡಕ್ಕೆ 100 ಗ್ರಾಂ ಬೇವಿನ ಹಿಂಡಿ. ಹಿಂಡಿ ಹಾಕಿದ ಕುಂಡವನ್ನು ಒದ್ದೆ ಮಾಡಿ ಹತ್ತು ದಿನ ಬಿಟ್ಟು ಸಸಿ ನೆಡಬೇಕು. ಅದು ಕಳಿಯುವ ಹೊತ್ತಿನಲ್ಲಿ ನೆಟ್ಟರೆ ಎಳೆ ಬೇರು ತಾಳುವುದಿಲ್ಲ.

ಕೋಕೋಪೀಟ್ ತೊಳೆಯುವ ಕೆಲಸವನ್ನು ಯಾರೂ ಬಿಡಬೇಡಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ, ಅದರಿಂದಲೇ ಸಸಿಯ ಎಲೆ ಅಂಚು ಸುಡುವುದು. 5 ಕಿಲೋ ಇಟ್ಟಿಗೆಯನ್ನು 25 ಲೀಟರ್ ನೀರಿನಲ್ಲಿ ಶನಿವಾರ ಸಂಜೆಯೇ ನೆನೆಹಾಕಿರುತ್ತೇವೆ. ಬೆಳಗ್ಗೆ ಬಟ್ಟೆಯಲ್ಲಿ ಹಿಂಡಿ, ಹೊಸ ನೀರು ಹಾಕಿ, ಮತ್ತೆ ಹಿಂಡಿ. ಮೊದಲ ನೀರು ಡಿಕಾಕ್ಷನ್ ಬಣ್ಣಕ್ಕಿರುತ್ತದೆ. ಮೂರನೆಯದು ತಿಳಿ ಚಹಾದಂತಾದರೆ ಸಾಕು. ಆ ಮೊದಲ ನೀರನ್ನು ಗಿಡಕ್ಕೆ ಹಾಕಬೇಡಿ, ಮೋರಿಗೆ ಬಿಡಿ.

ಹದ ನೋಡುವುದು ಹೀಗೆ: ಒಂದು ಮುಷ್ಟಿ ಅದುಮಿ ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ನೀರು ತೊಟ್ಟಿಕ್ಕಿದರೆ ಹೆಚ್ಚಾಯಿತು. ಒಡೆಯದೆ ಗಟ್ಟಿ ನಿಂತರೆ ಮಣ್ಣಿನಲ್ಲಿ ಜೇಡಿ ಜಾಸ್ತಿ ಇದೆ, ಒಂದು ಬಕೆಟ್ ಕಾಂಪೋಸ್ಟ್ ಸೇರಿಸಬೇಕು.

10.30 – ಕುಂಡದ ತೂತು, ಕುಂಡ ಇಡುವ ಜಾಗ

ಕುಂಡದ ತಳಕ್ಕೆ ಜಲ್ಲಿ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ದಯವಿಟ್ಟು ಬಿಟ್ಟುಬಿಡಿ. ಮೇಲಿನ ನಯವಾದ ಮಣ್ಣು ನೀರನ್ನು ಹಿಡಿದುಕೊಂಡಿರುತ್ತದೆ. ಅದು ಪೂರ್ತಿ ತೊಯ್ಯುವವರೆಗೆ ಕೆಳಗಿನ ದೊಡ್ಡ ಸಂದಿಗೆ ನೀರು ಇಳಿಯುವುದೇ ಇಲ್ಲ. ಹಾಗಾಗಿ ಜಲ್ಲಿ ಹಾಕಿದಷ್ಟೂ ಒದ್ದೆ ಪದರ ಮೇಲೇರಿ ಬೇರಿಗೆ ಹತ್ತಿರವಾಗುತ್ತದೆ. ಬೇಕಾಗಿರುವುದು ತೂತು. 12 ಇಂಚಿನ ಕುಂಡಕ್ಕೆ ಪೆನ್ಸಿಲ್ ದಪ್ಪದ ಐದಾರು ತೂತು, ಮಣ್ಣು ಸೋರದಂತೆ ಮೇಲೊಂದು ತುಂಡು ಸೊಳ್ಳೆ ಪರದೆ, ಕುಂಡದ ಕೆಳಗೆ ಮೂರು ಹೆಂಚಿನ ಚೂರು. ಕುಂಡ ನೆಲಕ್ಕೆ ಅಂಟಿ ಕೂತಿದ್ದರೆ ತೂತು ಇದ್ದೂ ಪ್ರಯೋಜನವಿಲ್ಲ. ಪರೀಕ್ಷೆಗೆ, ಚೆನ್ನಾಗಿ ನೆನೆದ ಕುಂಡಕ್ಕೆ ಎರಡು ಲೀಟರ್ ನೀರು ಸುರಿಯಿರಿ. ಹತ್ತು ನಿಮಿಷ ಕಳೆದರೂ ಮೇಲೆ ನೀರು ನಿಂತಿದ್ದರೆ ತೂತು ಕಟ್ಟಿದೆ ಎಂದೇ ಅರ್ಥ.

ಇಲ್ಲೇ ತೂಕದ ಮಾತೂ ಆಗಬೇಕು. ಮಳೆಯಲ್ಲಿ ತೊಯ್ದ 20 ಲೀಟರಿನ ಕುಂಡ 25 ಕಿಲೋ ಮುಟ್ಟುತ್ತದೆ. ಓಡಾಡುವ ತಾರಸಿಯ ಹೊರೆಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಎಂದು ಹಿಡಿದು ಕಟ್ಟುತ್ತಾರೆ, ಅದರಲ್ಲಿ ನಾವು ನಿಲ್ಲುವ ಭಾರವೂ ಸೇರಿದೆ. ದೊಡ್ಡ ಕುಂಡಗಳು ಕೆಳಗಿನ ಮನೆಯ ಗೋಡೆ, ತೊಲೆಗಳ ನೇರಕ್ಕೆ ಬರಲಿ. ನಡುಭಾಗದಲ್ಲಿ ಒತ್ತೊತ್ತಾಗಿ ಜೋಡಿಸಬೇಡಿ. ಹಳೆಯ ಮನೆಯವರು ಇಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

11.00 – ಬೀಜ ಬಿತ್ತನೆ

98 ಗುಳಿಯ ಎರಡು ಪ್ರೋಟ್ರೇ ಇವೆ. ಬದನೆ, ಟೊಮೆಟೊ, ಮೆಣಸಿನಕಾಯಿ ಮಾತ್ರ ಟ್ರೇಗೆ. ಹುರುಳಿಕಾಯಿ, ಬೆಂಡೆ ನೇರ ಕುಂಡಕ್ಕೆ. ಗುಳಿಗೆ ಒಂದೇ ಬೀಜ, ಕಾಲಿಂಚು ಆಳ. ಟೊಮೆಟೊ ವಾರದೊಳಗೆ ಮೊಳೆಯುತ್ತದೆ, ಮೆಣಸಿನಕಾಯಿ ಹನ್ನೆರಡು ದಿನವೂ ತೆಗೆದುಕೊಂಡೀತು, ಕೆದಕಿ ನೋಡಬೇಡಿ.

ಚೆನ್ನಾಗಿ ಮೊಳೆತ ಸಸಿ ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಗುಚಿಕೊಂಡರೆ ಅದು ಶಿಲೀಂಧ್ರದ ಕೆಲಸ. ಒತ್ತಾಗಿ ಬಿತ್ತಿದಾಗ, ಸಂಜೆ ಮೇಲಿಂದ ನೀರು ಹಾಕಿದಾಗ ಬರುತ್ತದೆ. ಕೋಕೋಪೀಟಿಗೆ ಕಿಲೋಗೆ 10 ಗ್ರಾಂ ಟ್ರೈಕೋಡರ್ಮಾ ಬೆರೆಸುತ್ತೇವೆ. ನೀರನ್ನು ಬೆಳಗ್ಗೆ, ಟ್ರೇಯನ್ನು ತಟ್ಟೆಯಲ್ಲಿಟ್ಟು ಕೆಳಗಿನಿಂದ ಕೊಡಿ, ಕಾಲು ಗಂಟೆಗೆ ಎತ್ತಿಬಿಡಿ.

11.40 – ಬೀಜ ವಿನಿಮಯ

ಈರನಗೆರೆ ಬದನೆ ಬೀಜ ಇರುವವರು ಮರೆಯದೆ ತನ್ನಿ, ಕೇಳುವವರು ತುಂಬ ಇದ್ದಾರೆ. ಕಾಗದದ ಪೊಟ್ಟಣದ ಮೇಲೆ ತಳಿ, ಬೀಜ ತೆಗೆದ ತಿಂಗಳು, ನಾಟಿಯೋ ಹೈಬ್ರಿಡ್ಡೋ ಎಂಬುದನ್ನು ಬರೆದಿರಿ. ಹೈಬ್ರಿಡ್ ಹಣ್ಣಿನ ಬೀಜ ತಾಯಿಯಂತೆ ಬರುವುದಿಲ್ಲ, ಅದನ್ನು ವಿನಿಮಯಕ್ಕೆ ಇಡಬೇಡಿ. ಒಂದೇ ತಾರಸಿಯಲ್ಲಿ ಎರಡು ಜಾತಿಯ ಸೋರೆ ಬೆಳೆದಿದ್ದರೆ ಜೇನು ಪರಾಗ ಬೆರೆಸಿರುತ್ತದೆ, ಅದನ್ನೂ ತಿಳಿಸಿ. ಹಳೆಯ ಬೀಜದ ಬಗ್ಗೆ ಅನುಮಾನವಿದ್ದರೆ ಇವತ್ತೇ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಆರಕ್ಕಿಂತ ಕಡಿಮೆ ಮೊಳೆತರೆ ತರಬೇಡಿ.

12.10 – ರೋಗದ ಗಿಡ ನೋಡುವುದು, ಊಟ

ರೋಗದ ಎಲೆಯನ್ನು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲೇ ತನ್ನಿ. ದಾಸವಾಳದ ಹಿಟ್ಟು ತಿಗಣೆ ಗಾಳಿಯಲ್ಲಿ, ಬಟ್ಟೆಯಲ್ಲಿ ಮೇಷ್ಟ್ರ ಗಿಡಗಳಿಗೂ ಹತ್ತುತ್ತದೆ. ಬೇವಿನೆಣ್ಣೆ ಬೆರೆಸುವ ಕ್ರಮವನ್ನು ಮಾಡಿ ತೋರಿಸುತ್ತೇವೆ: ಮೊದಲು 5 ಮಿಲಿ ಎಣ್ಣೆಗೆ ಒಂದೆರಡು ಮಿಲಿ ದ್ರವ ಸೋಪು ಹಾಕಿ ಕಲಕಿ, ಆಮೇಲೆ ಒಂದು ಲೀಟರ್ ನೀರು. ನೀರಿಗೆ ನೇರ ಎಣ್ಣೆ ಹಾಕಿದರೆ ಮೇಲೆ ತೇಲಿ ಕೊನೆಯ ಗಿಡಕ್ಕೆ ಬರೀ ಎಣ್ಣೆ ಬಿದ್ದು ಎಲೆ ಸುಡುತ್ತದೆ.

ಊಟಕ್ಕೆ ಅಮ್ಮ ಬಿಸಿಬೇಳೆ ಬಾತ್, ಮೊಸರನ್ನ ಮಾಡುತ್ತಾರೆ. ಬೇರೆ ಯಾರೂ ಅಡುಗೆ ತರುವುದು ಬೇಡ. ತಟ್ಟೆ, ಲೋಟ ಮಾತ್ರ ನಿಮ್ಮದೇ ತನ್ನಿ.

ಜೊತೆಗೆ ತರಬೇಕಾದದ್ದು: ಕೈಗವಸು, ಸಣ್ಣ ಕೈಗುದ್ದಲಿ, ಸಸಿ ಒಯ್ಯಲು ಒಂದು ರಟ್ಟಿನ ಪೆಟ್ಟಿಗೆ. ಕಾರಿನಲ್ಲಿ ಬರುವವರು ಎದುರು ಮನೆಯ ಗೇಟಿಗೆ ಅಡ್ಡ ನಿಲ್ಲಿಸಬೇಡಿ. ಮಕ್ಕಳು ಬರಲಿ, ಆದರೆ ಪ್ಯಾರಪೆಟ್ ಗೋಡೆ ಗಿಡ್ಡವಿದೆ, ಪಕ್ಕದಲ್ಲೇ ಇರಿಸಿಕೊಳ್ಳಿ. ಜೋರು ಮಳೆ ಬಂದರೆ ಮಣ್ಣು ಕಲಸುವುದನ್ನು ಕೆಳಗಿನ ಕಾರ್ ಶೆಡ್ಡಿನಲ್ಲಿ ಮಾಡುತ್ತೇವೆ, ಕೂಟ ನಿಲ್ಲುವುದಿಲ್ಲ. ಎಷ್ಟು ಜನ ಎಂದು ಶುಕ್ರವಾರ ಸಂಜೆಯೊಳಗೆ ತಿಳಿಸಿ, ಅಮ್ಮ ಅಕ್ಕಿ ಅಳೆಯಬೇಕು.

ನಿಮ್ಮ ದಾರಿ ಕಾಯುತ್ತಾ,
ತಾರಸಿ ತೋಟದ ಬಳಗದ ಪರವಾಗಿ