ಒಂಬತ್ತರ ಫರಕು

ಗುಟ್ಕಾ ಬಿಟ್ಟ ಹದಿನೇಳನೇ ದಿನ ನಾನು ಉಲ್ಲನ್ ತಂದೆ.

ಬಾಯಿಗಿಂತ ಕೈಗೇ ಜಾಸ್ತಿ ತ್ರಾಸು ಅಂತ ಯಾರೂ ಹೇಳಿರಲಿಲ್ಲ. ಹನ್ನೊಂದು ಗಂಟೆಯಾದರೆ ಕೈ ತಾನಾಗೇ ಕಿಸೆಗೆ ಹೋಗುತ್ತಿತ್ತು. ಚೀಟು ಹರಿದು ರೂಢಿಯಾದ ಬೆರಳು ಆಫೀಸಿನ ವೋಚರ್ ಮೂಲೆ ಹರಿಯತೊಡಗಿದವು. ಕೆಳಗಿನ ಮನೆ ಕಾಕು ಅಂದರು: “ಕೈಗೆ ಏನರ ಕೆಲಸಾ ಕೊಡಪಾ. ನಾ ಹೆಣಿಯೋದು ಕಲಸ್ತೀನಿ, ಬಾ.”

ದುರ್ಗದ ಬೈಲಿಗೆ ಹೋಗಿ ಮೈಲುತುತ್ತದ ಬಣ್ಣದ ಉಲ್ಲನ್, ಎಂಟು ನಂಬರಿನ ಕಡ್ಡಿ ತಂದೆ. ನಂಬರ್ ಹೆಚ್ಚಾದಷ್ಟೂ ಕಡ್ಡಿ ತೆಳ್ಳಗಂತೆ. ಲೆಕ್ಕದವನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

30 ಕುಣಿಕೆ ಕಾಕುವೇ ಹಾಕಿ ಕೊಟ್ಟರು. “ಚುಚ್ಚು, ಸುತ್ತು, ಎಳಿ, ಇಳಸು. ಇಷ್ಟ ನೋಡು.” ಮೊದಲ ವಾರ ಹೆಗಲು ಕಿವಿಗೇ ಅಂಟಿಕೊಂಡಿತ್ತು. ಆಮೇಲೆ ಕೈ ಹಿಡಿತಕ್ಕೆ ಬಂತು. ಉಣಕಲ್‌ನಲ್ಲಿ ಚಿಗರಿ ಬಸ್ ಹತ್ತಿದರೆ ನವನಗರ, ರಾಯಾಪುರ ದಾಟಿ ಧಾರವಾಡ ಬರುವಷ್ಟರಲ್ಲಿ ಎಂಟು ಸಾಲು. ಪಕ್ಕದಲ್ಲಿ ಕೂತವರು ಕಡ್ಡಿ ನೋಡಿ ಸ್ವಲ್ಪ ಸರಿದು ಕೂರುತ್ತಿದ್ದರು, ಅದೊಂದು ಲಾಭ. ಆಫೀಸಿನಲ್ಲಿ ಮಾತ್ರ, “ಗೌಡ್ರ, ಮನ್ಯಾಗ ಬಾಣಂತನ ಯಾರದ್ರೀ?” ಅಂತ ದಿನಾ ಒಬ್ಬರಾದರೂ ಕೇಳುತ್ತಿದ್ದರು. ನಗುತ್ತಿದ್ದೆ. ಗುಟ್ಕಾ ಬಾಯಲ್ಲಿ ಇಲ್ಲದಿದ್ದರೆ ನಗುವುದೂ ಸಲೀಸು.

ತಿಂಗಳ ಕೊನೆಯ ದಿನ ಲೆಕ್ಕದಲ್ಲಿ 630 ರೂಪಾಯಿ ಫರಕು ಬಂತು. ಫರಕು ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ತಿರುಗಿ ಬಿದ್ದಿದೆ ಅಂತಲೇ ನಮ್ಮ ಮೊದಲ ಗುಮಾನಿ. ಏಳು ಗಂಟೆಗೆ ಸಿಕ್ಕಿತು. 180 ಇರಬೇಕಾದಲ್ಲಿ 810. ಬರೆದವನು ನಾನೇ.

ಮನೆಗೆ ಬಂದು ಸ್ಕಾರ್ಫ್ ಮುಗಿಸಿಬಿಟ್ಟೆ. ಕಾಕು ಕಲಿಸಿದಂತೆ ಕುಣಿಕೆ ಮುಚ್ಚಿ, ಕೊನೆಯದರಲ್ಲಿ ದಾರ ತೂರಿಸಿ ಗಂಟು ಹಾಕಿ, ಕೊರಳಿಗೆ ಸುತ್ತಿಕೊಂಡು ಕನ್ನಡಿ ಮುಂದೆ ನಿಂತೆ. ಒಂದು ತುದಿ ಕೊರಳಪಟ್ಟಿಯ ಹಾಗೆ, ಇನ್ನೊಂದು ಟವೆಲ್ಲಿನ ಹಾಗೆ.

“ಅಪ್ಪಾ, ಇದು ಸುತ್ಕೊಳ್ಳೋದೋ, ಹೊಚ್ಕೊಳ್ಳೋದೋ?” ಮಗಳು ಕೇಳಿದಳು.

ಎಣಿಸಿದೆ. ಶುರುವಲ್ಲಿ 30. ಕೊನೆಯಲ್ಲಿ 39. ಮತ್ತೆ ಒಂಬತ್ತು! ಯಾವ ಅಂಕಿ ತಿರುಗಿಸಲಿ?

ತುದಿ ಹಿಡಿದು ಎಳೆದೆ. ಬರಲಿಲ್ಲ, ಇನ್ನಷ್ಟು ಬಿಗಿಯಾಯಿತು. ಹಾಕಿದ ತುದಿಯಿಂದ ಬಿಚ್ಚುವುದಿಲ್ಲ, ಮುಚ್ಚಿದ ತುದಿಯಿಂದಲೇ ಬಿಚ್ಚಬೇಕು ಅನ್ನೋದು ಸಿಟ್ಟಿನಲ್ಲಿ ಎಲ್ಲಿ ನೆನಪಿರುತ್ತೆ? ಆ ಕಡೆಯ ಗಂಟು ಕತ್ತರಿಸಿ ಎಳೆದೆ. ಸರ್ರ್. ಒಂದು ಸಾಲು. ಸರ್ರ್. ರಾಯಾಪುರ ಹೋಯಿತು. ನವನಗರ ಹೋಯಿತು. ಹೆಂಡತಿ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದವಳು ಹಾಗೇ ಒಳಗೆ ಹೋದಳು. ಒಂದು ತಿಂಗಳ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು. ನೆಲದ ಮೇಲೆ ಗುಂಗುರು ಗುಂಗುರಾಗಿ ನೀಲಿ ಶಾವಿಗೆ ರಾಶಿ.

ಚಪ್ಪಲಿ ಮೆಟ್ಟಿ ಮೂಲೆಯ ಪಾನಂಗಡಿಗೆ ಹೋದೆ. ಅಂಗಡಿಯವ ನನ್ನನ್ನು ನೋಡಿದ್ದೇ ಮೇಲಿನ ಸರಕ್ಕೆ ಕೈ ಹಾಕಿದ. “ಎಷ್ಟ್ ಹರೀಲ್ರೀ?”

ಅಂಗಿಯ ಗುಂಡಿಗೆ ಒಂದು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಬೆರಳಿಗೆ ಸುತ್ತುತ್ತಾ ನಿಂತೆ. ಸುತ್ತಿದೆ, ಬಿಚ್ಚಿದೆ, ಸುತ್ತಿದೆ. “ಕಡ್ಡಿಪೆಟ್ಟಿಗಿ ಕೊಡ್ರಿ,” ಅಂದೆ. ಮನೆಯಲ್ಲಿ ಲೈಟರ್ ಇದೆ.

ಬೆಳಿಗ್ಗೆ ಆ ರಾಶಿಯನ್ನು ಚೀಲದಲ್ಲಿ ತುಂಬಿಕೊಂಡು ಕಾಕು ಮುಂದೆ ಇಟ್ಟೆ. ಅವರು ಬೈಯಲಿಲ್ಲ. ಹೊಸ ದಾರದಲ್ಲಿ ನಾಲ್ಕು ಸಾಲು ಹೆಣೆಸಿ ನನ್ನ ಕೈಯನ್ನೇ ನೋಡುತ್ತಾ ಕೂತರು.

“ಅಲ್ಲೇ ಅದ ನೋಡು. ಸಾಲಿನ ಮೊದಲ್ನೇ ಕುಣಿಕಿಗೆ ದಾರಾ ಕಡ್ಡಿ ಮ್ಯಾಲಿಂದ ಹಿಂದಕ್ಕ ಒಗೀತಿ. ಒಂದು ಹೋಗಿ ಎರಡಾಗಿ ಕಾಣ್ತಾವ. ನೀ ಎರಡೂ ಹೆಣೀತಿ.” ಆಮೇಲೆ ಕನ್ನಡಕದ ಮೇಲಿಂದ ನೋಡಿದರು. “ಹತ್ತು ಸಾಲಿಗೊಮ್ಮೆಯರ ಎಣಿಸಿದ್ದೇನು?”

ಎಣಿಸಿರಲಿಲ್ಲ. ಹದಿನೆಂಟು ವರ್ಷದಿಂದ ಎಣಿಸಿದ್ದಕ್ಕೇ ಸಂಬಳ ತಗೊಳ್ಳುತ್ತಿದ್ದೇನೆ.

“ಇರ್ಲಿ, ಕೈ ಚಾಚು.”

ಎರಡೂ ಕೈ ಮುಂದೆ ಚಾಚಿ ಕೂತೆ. ಕಾಕು ಗುಂಗುರು ದಾರವನ್ನು ಅವುಗಳ ಸುತ್ತ ಸುತ್ತತೊಡಗಿದರು. ಹೀಗೆ ಲಡಿ ಮಾಡಿ, ನಾಲ್ಕು ಕಡೆ ಸಡಿಲಾಗಿ ಕಟ್ಟಿ, ನೀರಲ್ಲಿ ನೆನೆಸಿ, ಕೆಳಗೆ ಏನಾದರೂ ಭಾರ ತೂಗು ಹಾಕಿ ಒಣಗಿಸಬೇಕಂತೆ. ಸುರುಳಿ ಹೋಗುತ್ತಂತೆ.

ಕಿಸೆಯಲ್ಲಿ ಫೋನ್ ಹೊಡಕೊಳ್ಳತೊಡಗಿತು. ಆಫೀಸಿನದೇ ಇರಬೇಕು.

“ಕೈ ಅಳಗಾಡಿಸಬ್ಯಾಡ,” ಅಂದರು ಕಾಕು.