8ನೇ ತರಗತಿ ಫಿಟ್‌ನೆಸ್ ಘಟಕ: ದಮ್ಮು, ಶಕ್ತಿ, ಬಾಗುವಿಕೆ

ತರಗತಿ: 8, ಮಕ್ಕಳು 38
ಅವಧಿ: ನವೆಂಬರ್ ಮೊದಲ ವಾರದಿಂದ 6 ವಾರ, ವಾರಕ್ಕೆ 40 ನಿಮಿಷದ 2 ಪೀರಿಯಡ್
ಸಾಮಾನು: ಸ್ಟಾಪ್‌ವಾಚ್, ಸೀಟಿ, ಅಳತೆ ಟೇಪು, ಸುಣ್ಣದ ಪುಡಿ, ಸೀಮೆಸುಣ್ಣ, ಜಮಖಾನ, 30 ಸೆಂಟಿಮೀಟರ್ ಎತ್ತರದ ಮರದ ಪೆಟ್ಟಿಗೆ, ಅಡಿಕೋಲು

ಏನು ಸಾಧಿಸಬೇಕು

ಘಟಕ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ತನ್ನ ದೇಹವನ್ನು ತಾನೇ ಅಳೆಯಲು ಕಲಿತಿರಬೇಕು. ನಾಡಿ ಹಿಡಿದು 15 ಸೆಕೆಂಡು ಎಣಿಸಿ, 4ರಿಂದ ಗುಣಿಸಲು ಬರಬೇಕು. ಯಾವ ವ್ಯಾಯಾಮ ಯಾತಕ್ಕೆ ಎಂದು ಹೇಳಲು ಬರಬೇಕು. ಯಾರು ಫಸ್ಟ್, ಯಾರು ಲಾಸ್ಟ್ ಅನ್ನೋದು ಇಲ್ಲಿ ಬೇಡ. ಅದಕ್ಕೆ ಕ್ರೀಡಾಕೂಟ ಇದೆ.

ಆರೋಗ್ಯಕ್ಕೆ ಸಂಬಂಧಿಸಿದ ಫಿಟ್‌ನೆಸ್‌ನಲ್ಲಿ ಮೈಯ ಕೊಬ್ಬಿನ ಪ್ರಮಾಣವೂ ಸೇರುತ್ತದೆ. ಆದರೆ ತೂಕ ನೋಡುವ ಕೆಲಸವನ್ನು ಈ ಘಟಕದಲ್ಲಿ ಇಟ್ಟುಕೊಂಡಿಲ್ಲ. ಮೂವತ್ತೆಂಟು ಮಕ್ಕಳ ಸಾಲಿನಲ್ಲಿ ಒಬ್ಬರ ತೂಕ ಗಟ್ಟಿಯಾಗಿ ಕೇಳಿಸಿದರೆ ಸಾಕು, ಆ ಮಗು ವರ್ಷವಿಡೀ ಮೈದಾನಕ್ಕೆ ಬರಲ್ಲ.

ಶುರು ಮಾಡುವ ಮುಂಚೆ

ಆಸ್ತಮಾ, ಹೃದಯದ ತೊಂದರೆ, ಇತ್ತೀಚಿನ ಜ್ವರ ಅಥವಾ ಪೆಟ್ಟು ಇದ್ದರೆ ತಿಳಿಸಲು ಪೋಷಕರಿಗೆ ಡೈರಿಯಲ್ಲಿ ಬರೆದು ಕಳಿಸಬೇಕು. ಟೆಸ್ಟ್ ಯಾವಾಗಲೂ ಬೆಳಗಿನ ಪೀರಿಯಡ್‌ನಲ್ಲೇ. ಬಿಸಿಯೂಟ ಆದಮೇಲೆ ಓಡಿಸುವಂತಿಲ್ಲ. ತಿಂಡಿ ತಿನ್ನದೆ ಬಂದವರು ಯಾರು ಎಂದು ಮೊದಲೇ ಮೆಲ್ಲಗೆ ವಿಚಾರಿಸಿ, ಅವರನ್ನು ಅಂದು ಎಣಿಸುವ ಕೆಲಸಕ್ಕೆ ಹಾಕಿ. ಯಾವುದೇ ಹುಡುಗಿ ‘ಇವತ್ತು ಬೇಡ ಸರ್’ ಎಂದರೆ ಕಾರಣ ಕೇಳಬೇಡಿ, ಇನ್ನೊಂದು ದಿನ ಮಾಡಿಸಿ.

ಮೂರು ಅಳತೆಗಳು

ದಮ್ಮಿಗೆ 600 ಮೀಟರ್ ಓಟ-ನಡಿಗೆ. ನಮಗೆ ಟ್ರ್ಯಾಕ್ ಇಲ್ಲ. ಮೈದಾನದಲ್ಲಿ 60 ಮೀಟರ್ ಉದ್ದ, 40 ಮೀಟರ್ ಅಗಲದ ಚೌಕಟ್ಟಿಗೆ ಸುಣ್ಣ ಹಾಕಿದರೆ ಸುತ್ತಳತೆ 200 ಮೀಟರ್. ಮೂರು ಸುತ್ತು ಹಾಕಿದರೆ ಆಯ್ತು. 19 ಜೋಡಿ ಮಾಡಿ. ಒಬ್ಬರು ಓಡುವಾಗ ಜೊತೆಗಾರ ಸುತ್ತಿಗೊಂದು ಕಲ್ಲು ಎತ್ತಿಡುತ್ತಾನೆ. ನೀವು ಗೆರೆಯ ಹತ್ತಿರ ನಿಂತು ಸ್ಟಾಪ್‌ವಾಚ್ ನೋಡಿ ಸಮಯವನ್ನು ಕೂಗುತ್ತಾ ಹೋಗಿ. ತನ್ನ ಜೋಡಿ ಗೆರೆ ದಾಟಿದಾಗ ಕೇಳಿದ್ದನ್ನು ಜೊತೆಗಾರ ಬರೆದುಕೊಳ್ಳುತ್ತಾನೆ. ಸುಸ್ತಾದವರು ನಡೆಯಬಹುದು, ನಿಲ್ಲಬಾರದು.

ಖೇಲೋ ಇಂಡಿಯಾ ಫಿಟ್‌ನೆಸ್ ಪರೀಕ್ಷೆಗಳಲ್ಲೂ 600 ಮೀಟರ್ ಇರುವುದರಿಂದ ಇದನ್ನೇ ಆರಿಸಿದ್ದೇನೆ. ಒಂದು ಮಿತಿ ನೆನಪಿರಲಿ: ದೂರ ಚಿಕ್ಕದು, ಹಾಗಾಗಿ ವೇಗದ ಮಕ್ಕಳಿಗೆ ದಮ್ಮು ಕಡಿಮೆ ಇದ್ದರೂ ಒಳ್ಳೆ ಸಮಯ ಬರಬಹುದು.

ಶಕ್ತಿಗೆ ಎರಡು. ಮೊದಲನೆಯದು 30 ಸೆಕೆಂಡಿನ ಕರ್ಲ್-ಅಪ್. ಜಮಖಾನದ ಮೇಲೆ ಮಲಗಿ, ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿರಬೇಕು. ಕೈ ಪಕ್ಕದಲ್ಲಿ 15 ಸೆಂಟಿಮೀಟರ್ ಅಂತರದ ಎರಡು ಗೆರೆ ಎಳೆದು, ಬೆರಳು ಒಂದರಿಂದ ಇನ್ನೊಂದಕ್ಕೆ ಜಾರುವಷ್ಟು ಎದ್ದರೆ ಒಂದು ಲೆಕ್ಕ. ಪೂರ್ತಿ ಎದ್ದು ಕೂರುವುದು ಬೇಡ. ಕತ್ತು ಹಿಡಿದು ಎಳೆಯುವುದಂತೂ ಬೇಡವೇ ಬೇಡ. ಎರಡನೆಯದು ಪುಷ್-ಅಪ್. ಹುಡುಗಿಯರಿಗೆ ಮಂಡಿಯೂರಿ, ಹುಡುಗರಿಗೆ ಪೂರ್ತಿ ಎಂಬ ರೂಢಿಯನ್ನು ಇಲ್ಲಿ ಬಿಡೋಣ. ಯಾರು ಬೇಕಾದರೂ ಯಾವುದನ್ನಾದರೂ ಆರಿಸಲಿ. ಕಾರ್ಡಿನಲ್ಲಿ ‘ಮಂಡಿ’ ಅಥವಾ ‘ಪೂರ್ತಿ’ ಎಂದು ಬರೆದು, ಕೊನೆಯ ಟೆಸ್ಟಿನಲ್ಲೂ ಅದನ್ನೇ ಮಾಡಲಿ.

ಬಾಗುವಿಕೆಗೆ ಸಿಟ್ ಅಂಡ್ ರೀಚ್. ಪೆಟ್ಟಿಗೆಯ ಮೇಲೆ ಅಡಿಕೋಲಿನ ಸೊನ್ನೆ ಮಗುವಿನ ಕಡೆ, 23 ಸೆಂಟಿಮೀಟರ್ ಗುರುತು ಪಾದ ತಾಗುವ ಜಾಗಕ್ಕೆ ಸರಿಯಾಗಿ ಬರುವಂತೆ ಅಂಟಿಸಿ. ಆಗ ಪಾದ ಮುಟ್ಟಲಾಗದವರಿಗೂ ಒಂದು ಅಂಕಿ ಸಿಗುತ್ತದೆ, ಮೈನಸ್ ಬರೆಯುವ ಗೋಜಿಲ್ಲ. ಬರಿಗಾಲು, ಮೊಣಕಾಲು ನೇರ, ಎರಡು ಸೆಕೆಂಡು ಹಿಡಿದು ನಿಲ್ಲಬೇಕು. ಜೋಲಿ ಹೊಡೆಯುತ್ತಾ ತಳ್ಳಿದರೆ ಲೆಕ್ಕವಿಲ್ಲ. ಎರಡು ಪ್ರಯತ್ನಗಳಲ್ಲಿ ಒಳ್ಳೆಯದನ್ನು ಬರೆಯಿರಿ.

ವಾರದ ಹಂಚಿಕೆ

1ನೇ ವಾರ: ಟೆಸ್ಟ್ ಇಲ್ಲ, ಬರೀ ಅಭ್ಯಾಸ. ಮೊದಲ ಸುತ್ತಿನಲ್ಲೇ ಬಿದ್ದಂಬೀಳ ಓಡಿ ಮೂರನೆಯದರಲ್ಲಿ ಸುಸ್ತಾಗುವುದು ಎಲ್ಲ ಮಕ್ಕಳ ಗುಣ. ಜೊತೆಗಾರರ ಜತೆ ಮಾತಾಡುತ್ತಾ ಓಡುವ ವೇಗ ಯಾವುದು ಎಂದು ಹುಡುಕಿಸಿ.
2ನೇ ವಾರ: ಮೊದಲ ಟೆಸ್ಟ್. ಒಂದು ಪೀರಿಯಡ್ ಓಟಕ್ಕೆ, ಇನ್ನೊಂದು ಉಳಿದದ್ದಕ್ಕೆ. ಪ್ರತಿಯೊಬ್ಬರೂ ಒಂದೊಂದೇ ಗುರಿ ಬರೆಯಲಿ.
3ರಿಂದ 5: ಅಭ್ಯಾಸ. ಖೋ-ಖೋ, ಹಗ್ಗದಾಟ ದಮ್ಮಿಗೆ. ಬಸ್ಕಿ, ದಂಡ ಶಕ್ತಿಗೆ. ಸೂರ್ಯ ನಮಸ್ಕಾರ ಬಾಗುವಿಕೆಗೆ. ಬಸ್ಕಿಯನ್ನು ಶಿಕ್ಷೆಯಾಗಿ ಯಾರಿಗೂ ಕೊಡಬೇಡಿ, ಈ ಆರು ವಾರವಾದರೂ!
6ನೇ ವಾರ: ಮರು ಟೆಸ್ಟ್. ಅದೇ ಹೊತ್ತು, ಅದೇ ಗೆರೆ, ಅದೇ ಕ್ರಮ. ಮೊದಲ ಸಲ ಬರಿಗಾಲಲ್ಲಿ ಓಡಿದವರು ಈಗಲೂ ಬರಿಗಾಲಲ್ಲೇ.

ವಾರಕ್ಕೆ ಎರಡು ಪೀರಿಯಡ್ ಸಾಲದು. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಮನೆಯಲ್ಲಿ ಆಡಿದ್ದು, ಶಾಲೆಗೆ ಸೈಕಲ್‌ನಲ್ಲಿ ಬಂದದ್ದು, ನೀರು ಹೊತ್ತದ್ದು ಎಲ್ಲವನ್ನೂ ಮಕ್ಕಳು ಕಾರ್ಡಿನ ಹಿಂಬದಿಯಲ್ಲಿ ಬರೆಯಲಿ.

ಅಂಕ ಮತ್ತು ಕಾರ್ಡು

20 ಅಂಕ. ಸರಿಯಾದ ಭಂಗಿ 6, ಕಾರ್ಡು 6, ಗುರಿ ಮತ್ತು ಅಭ್ಯಾಸದ ವಿವರಣೆ 4, ಜೊತೆಗಾರನಿಗೆ ಪ್ರಾಮಾಣಿಕವಾಗಿ ಎಣಿಸಿದ್ದಕ್ಕೆ 4. ಟೆಸ್ಟಿನ ಸಂಖ್ಯೆಗೆ ಅಂಕವಿಲ್ಲ.

ಫಲಿತಾಂಶ ಓದುವಾಗ ಎಚ್ಚರ. 600 ಮೀಟರ್ ಸಮಯ ಇಳಿದರೆ ಅದರಲ್ಲಿ ಒಂದು ಪಾಲು ವೇಗ ಹಂಚಿಕೊಳ್ಳಲು ಕಲಿತದ್ದರಿಂದ ಬಂದಿರಬಹುದು. ಈ ವಯಸ್ಸಿನಲ್ಲಿ ಕಾಲು ಬೇಗ ಉದ್ದವಾಗುತ್ತದೆ, ಹಾಗಾಗಿ ವರ್ಷದಿಂದ ವರ್ಷಕ್ಕೆ ಬಾಗುವಿಕೆಯ ಅಂಕಿ ಇಳಿದರೂ ಮಗು ಸೋಮಾರಿ ಎಂದು ಬರೆಯಬೇಡಿ. ಕಾರ್ಡನ್ನು ಗೋಡೆಗೆ ಅಂಟಿಸಬಾರದು. ಒಂದು ಪ್ರತಿ ಮಗುವಿಗೆ, ಇನ್ನೊಂದು 9ನೇ ತರಗತಿಯ ಕಡತಕ್ಕೆ.